ಪರದೆಯಲ್ಲಿ 97, ಗಾಳಿಗೂಡಿನಲ್ಲಿ ಬೇರೆ ಲೆಕ್ಕ

ರೋಗಿಯ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ SpO2 ಬರೆದುಕೊಳ್ಳುವುದನ್ನು ನರ್ಸಿಂಗ್ ವಿದ್ಯಾರ್ಥಿಗಳು ವಾರ್ಡಿಗೆ ಬಂದ ಹೊಸತರಲ್ಲೇ ಕಲಿಯುತ್ತಾರೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕ ಹೊತ್ತಿದೆ ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ರೋಗಿ ಸಾಕಷ್ಟು ಉಸಿರಾಡುತ್ತಿದ್ದಾರೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಗಾಳಿಗೂಡಿನೊಳಗೆ ಇಳಿದು ನೋಡಬೇಕು.

ಮೂಗಿನಿಂದ ಒಳಬಂದ ಗಾಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಆ ನಾಳ ಎರಡಾಗಿ, ಮತ್ತೆ ನಾಲ್ಕಾಗಿ, ಸುಮಾರು 23 ಸಲ ಕವಲೊಡೆದು ಗಾಳಿಗೂಡುಗಳಲ್ಲಿ ಕೊನೆಗೊಳ್ಳುತ್ತದೆ. ಒಂದೊಂದು ಗೂಡಿನ ಅಡ್ಡಳತೆ ಮಿಲಿಮೀಟರಿನ ಐದನೇ ಒಂದು ಭಾಗ. ಅಂಥವು ಮೂವತ್ತರಿಂದ ಐವತ್ತು ಕೋಟಿಯಷ್ಟಿವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಎರಡು ಕೋಣೆಯ ಮನೆಯ ನೆಲದಷ್ಟು, ಹತ್ತಿರಹತ್ತಿರ 70 ಚದರ ಮೀಟರ್ ಜಾಗ ಬೇಕು. ಪ್ರತಿ ಗೂಡಿನ ಸುತ್ತಲೂ ಲೋಮನಾಳಗಳ ಬಲೆ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಮೈಕ್ರೋಮೀಟರಿನ ಅರ್ಧದಷ್ಟೇ ದಪ್ಪ.

ಈ ಪೊರೆಯನ್ನು ಅನಿಲಗಳು ದಾಟುವುದಕ್ಕೆ ಯಾವ ಪಂಪೂ ಇಲ್ಲ. ಆಂಶಿಕ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅವು ತಾವಾಗಿಯೇ ಹರಿಯುತ್ತವೆ. ಗೂಡಿನ ಗಾಳಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸ. ದೇಹವನ್ನೆಲ್ಲ ಸುತ್ತಿ ಬಂದ ರಕ್ತದಲ್ಲಿ 40. ಇಂಗಾಲದ ಡೈಆಕ್ಸೈಡ್‌ಗೆ ರಕ್ತದಲ್ಲಿ 45, ಗೂಡಿನಲ್ಲಿ 40. ವ್ಯತ್ಯಾಸ ಬರೀ ಐದು. ಆದರೂ ಅದು ಆಮ್ಲಜನಕಕ್ಕಿಂತ ಇಪ್ಪತ್ತು ಪಟ್ಟು ಸಲೀಸಾಗಿ ಪೊರೆ ದಾಟುವುದರಿಂದ ಅಷ್ಟೇ ಸಾಕು. ಅಂದಮೇಲೆ ಅದು ದೇಹದಲ್ಲಿ ಉಳಿದುಕೊಂಡರೆ ಸಾಮಾನ್ಯವಾಗಿ ತಪ್ಪು ಪೊರೆಯದಲ್ಲ. ಗೂಡಿನ ಗಾಳಿ ಬದಲಾಗುತ್ತಿಲ್ಲ ಎಂದೇ ಅರ್ಥ.

ವಾರ್ಡಿನಲ್ಲಿ ಮತ್ತು ಪಠ್ಯದಲ್ಲಿ ಕಿವಿಗೆ ಬೀಳುವ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಜೊತೆಗಿಟ್ಟರೆ ಹೀಗೆ:

ಶ್ವಾಸನಾಳ – ಟ್ರೇಕಿಯಾ
ಶ್ವಾಸನಾಳದ ಕವಲು – ಬ್ರಾಂಕಸ್
ಗಾಳಿಗೂಡು – ಆಲ್ವಿಯೋಲಸ್
ಲೋಮನಾಳ – ಕ್ಯಾಪಿಲರಿ
ವಪೆ – ಡಯಾಫ್ರಮ್
ವಿಸರಣ – ಡಿಫ್ಯೂಷನ್
ಆಂಶಿಕ ಒತ್ತಡ – ಪಾರ್ಶಿಯಲ್ ಪ್ರೆಶರ್
ಒಂದು ಉಸಿರಿನ ಗಾಳಿ – ಟೈಡಲ್ ವಾಲ್ಯೂಮ್
ವಿನಿಮಯವಿಲ್ಲದ ಜಾಗ – ಡೆಡ್ ಸ್ಪೇಸ್

ಕೊನೆಯದನ್ನು ಓದಿ ದಾಟಿಬಿಡುವವರೇ ಹೆಚ್ಚು. ಈ ಬರಹ ನಿಂತಿರುವುದೇ ಅದರ ಮೇಲೆ. ಒಬ್ಬ ವಯಸ್ಕರು ಒಂದು ಉಸಿರಿಗೆ 500 ಮಿಲಿಲೀಟರ್ ಗಾಳಿ ಎಳೆದುಕೊಂಡರೆ, ಸುಮಾರು 150 ನಾಳಗಳಲ್ಲೇ ಉಳಿದು ಹಾಗೆಯೇ ಹೊರಬೀಳುತ್ತದೆ. ಗೂಡಿಗೆ ತಲುಪುವುದು 350. ನಿಮಿಷಕ್ಕೆ 12 ಉಸಿರಾದರೆ ಒಟ್ಟು 4,200.

ಈಗ ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ನೋವಿಗೆ ಮಾರ್ಫಿನ್ ಕೊಟ್ಟಿದ್ದಾರೆ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇದೆ, ಪರದೆಯಲ್ಲಿ SpO2 97. ‘ಪಾಪ, ಈಗ ನಿದ್ದೆ ಹತ್ತಿದೆ’ ಎಂದು ಮನೆಯವರಿಗೂ ಸಮಾಧಾನ. ಉಸಿರು ಎಣಿಸಿದರೆ ನಿಮಿಷಕ್ಕೆ 9, ಅದೂ ಮೇಲುಮೇಲಕ್ಕೆ. ಒಂದಕ್ಕೆ 400 ಮಿಲಿಲೀಟರ್ ಎನ್ನೋಣ. ನಾಳಗಳ 150 ಕಳೆದರೆ ಗೂಡಿಗೆ 250, ನಿಮಿಷಕ್ಕೆ 2,250. ಬೇಕಾದುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಗೂಡಿನ ಗಾಳಿ ಅರ್ಧಕ್ಕಿಳಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇವರಲ್ಲಿ ಅದು ಕ್ರಮೇಣ 40ರಿಂದ 75ರ ಆಸುಪಾಸಿಗೆ ಏರುತ್ತದೆ.

ಹಾಗಾದರೆ 97 ಎಲ್ಲಿಂದ ಬಂತು? ಮಾಸ್ಕಿನಿಂದ. ಗೂಡಿನ ಆಮ್ಲಜನಕವನ್ನು ಲೆಕ್ಕ ಹಾಕುವ ಸೂತ್ರ ಇದು, ಸಮುದ್ರಮಟ್ಟದ ಒತ್ತಡಕ್ಕೆ:

PAO2 = FiO2 × (760 − 47) − PaCO2 ÷ 0.8

ಬರಿಗಾಳಿಯಲ್ಲಿ FiO2 0.21. ಮೊದಲ ಭಾಗ 150, ಅದರಲ್ಲಿ 75 ÷ 0.8 ಎಂದರೆ 94 ಕಳೆದರೆ ಉಳಿಯುವುದು 56. ಆಗ SpO2 ತೊಂಬತ್ತಕ್ಕಿಂತ ಕೆಳಗಿಳಿದು ಯಂತ್ರವೇ ಕೂಗಿಕೊಳ್ಳುತ್ತಿತ್ತು. ಮಾಸ್ಕಿನಿಂದ FiO2 0.30 ಆದರೆ ಮೊದಲ ಭಾಗ 214ಕ್ಕೇರಿ, ಕಳೆದ ಮೇಲೂ 120 ಉಳಿಯುತ್ತದೆ. ಹಿಮೋಗ್ಲೋಬಿನ್ ತುಂಬುವುದಕ್ಕೆ ಅದು ಧಾರಾಳ. ಆದರೆ ಹೊರಹೋಗಬೇಕಾದ ಅನಿಲವನ್ನು ಮಾಸ್ಕ್ ಹೊರಹಾಕಲಾರದು, ಆಕ್ಸಿಮೀಟರ್ ಅದನ್ನು ಅಳೆಯುವುದೂ ಇಲ್ಲ. ಅದು ಮಿತಿಮೀರಿದಂತೆ ಮಂಪರು ಹೆಚ್ಚುತ್ತದೆ, ಮಂಪರಿನಿಂದ ಉಸಿರು ಇನ್ನಷ್ಟು ಕುಗ್ಗುತ್ತದೆ.

ಹಾಗಾಗಿ ಉಸಿರನ್ನು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಒಂದು ಉಸಿರು ಎಣಿಕೆ ತಪ್ಪಿದರೂ ನಾಲ್ಕರ ವ್ಯತ್ಯಾಸ ಬೀಳುತ್ತದೆ. 9 ಇರುವುದು ಚಾರ್ಟಿನಲ್ಲಿ 12 ಆಗಿ ಕೂರುತ್ತದೆ. ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ನೋಡಿ, ಆಳವೆಷ್ಟು ಎಂದೂ ಬರೆಯಬೇಕು. ಹೆಸರು ಹಿಡಿದು ಕರೆದಾಗ ರೋಗಿ ಕಣ್ಣು ಬಿಟ್ಟು ಮಾತಾಡುತ್ತಾರೆಯೇ, ಅಥವಾ ಅರ್ಧ ಮಾತಿಗೇ ಮತ್ತೆ ಜಾರುತ್ತಾರೆಯೇ ಎಂದು ನೋಡಬೇಕು. ಜಾರಿದರೆ ಪಕ್ಕದಿಂದ ಕದಲದೆ ಹಿರಿಯ ನರ್ಸನ್ನೂ ಡಾಕ್ಟರನ್ನೂ ಕರೆಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಗಂಟಲ ದಾರಿ ತೆರೆದಿಟ್ಟು, ಉಸಿರಾಡಿ ಎಂದು ಎಚ್ಚರಿಸುತ್ತಿರಬೇಕು. ಮಾಸ್ಕನ್ನು ತಟ್ಟನೆ ತೆಗೆಯಬಾರದು. ಏರಿದ ಇಂಗಾಲದ ಡೈಆಕ್ಸೈಡ್ ಹಾಗೇ ಇರುವಾಗ ಆಮ್ಲಜನಕವೂ 56ರತ್ತ ಕುಸಿಯುತ್ತದೆ. ಮಾರ್ಫಿನ್‌ನ ಪ್ರಭಾವ ಇಳಿಸುವ ನಲೋಕ್ಸೋನ್ ಬೇಕೇ ಎಂದು ಡಾಕ್ಟರ್ ನಿರ್ಧರಿಸುತ್ತಾರೆ. ಅಪಧಮನಿಯ ರಕ್ತ ತೆಗೆದು ಎಬಿಜಿ ಪರೀಕ್ಷೆಗೆ ಕಳಿಸಿದಾಗ ಮಾತ್ರ ಆ 75 ಕಾಗದದ ಮೇಲೆ ಕಾಣುತ್ತದೆ.