ಬ್ಯಾಡಗಿಗೊಂದು ಇ-ಮೇಲ್

ಬೆಂಗಳೂರಿನಲ್ಲಿ ಸಾಂಬಾರು ಪುಡಿ ಮಾಡುವವರೊಬ್ಬರು ಬ್ಯಾಡಗಿಯ ದಲಾಲಿ ಅಂಗಡಿಯ ಹಿರಿಯರನ್ನು ಭೇಟಿಯಾಗಬೇಕು. ಹಿರಿಯರ ಹೆಸರು ಶಿವಪ್ಪ ಎಂದಿಟ್ಟುಕೊಳ್ಳೋಣ. ಸಮಯ ಕೇಳಿ ಇ-ಮೇಲ್ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಕೈ ತಡೆಯುತ್ತದೆ.

‘ಪ್ರಿಯ ಶಿವಪ್ಪ’ ಎನ್ನುವುದು ಗೆಳೆಯನಿಗೆ ಸರಿ, ಹಿರಿಯ ವ್ಯಾಪಾರಿಗಲ್ಲ. ‘ಶಿವಪ್ಪರವರಿಗೆ’ ಎಂದು ಬರೆಯುವವರು ಬಹಳ. ಅದು ಗೌರವಕ್ಕೆಂದು ಬಂದ ತಪ್ಪು. ‘ರವರು’ ಎಂಬ ಪದವೇ ಕನ್ನಡದಲ್ಲಿಲ್ಲ, ಇರುವುದು ‘ಅವರು’. ಅಪ್ಪ, ಅಮ್ಮ, ಅಯ್ಯ ಎಂದು ಮುಗಿಯುವ ಹೆಸರಿಗೆ ನಾವು ಮಾತಿನಲ್ಲಿ ಹೇಳುವಂತೆಯೇ ‘ನವರು’ ಸೇರಿಸಿದರಾಯಿತು: ಶಿವಪ್ಪನವರು, ಸರೋಜಮ್ಮನವರು. ರಮೇಶ್ ಥರದ ಹೆಸರಾದರೆ ಬಿಡಿಸಿ ‘ರಮೇಶ್ ಅವರು’.

ನೀವು, ತಾವು ಎರಡೂ ಬಹುವಚನವೇ. ಮೊದಲ ಪತ್ರಕ್ಕೆ ‘ತಾವು’ ಚೆಂದ. ಆದರೆ ಹಿಡಿದದ್ದನ್ನು ಕೊನೆಯವರೆಗೂ ಬಿಡಬಾರದು. ‘ತಾವು ನಿಮ್ಮ ಅನುಕೂಲ ತಿಳಿಸಿ’ ಎಂದು ಬೆರಕೆಯಾದರೆ ಗೌರವವನ್ನು ಎಲ್ಲಿಂದಲೋ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕ್ರಿಯಾಪದದಲ್ಲಿದೆ. ‘ಸಮಯ ತಿಳಿಸಬೇಕು’ ಅಪ್ಪಣೆಯಾಗುತ್ತದೆ. ‘ತಿಳಿಸಬೇಕಾಗಿ ವಿನಂತಿ’ ಕೋರಿಕೆ.

ದಿನದ ಆಯ್ಕೆಯಲ್ಲೂ ಮರ್ಯಾದೆಯಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಆ ದಿನ ಅಂಗಡಿಯಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ. ಮಂಗಳವಾರ ಮಧ್ಯಾಹ್ನ 3ರಿಂದ 4.30 ರಾಹುಕಾಲ, ಹೊಸ ವ್ಯವಹಾರದ ಮಾತಿಗೆ ಆ ಹೊತ್ತನ್ನು ಅನೇಕರು ಒಪ್ಪುವುದಿಲ್ಲ. ‘ಮುಂದಿನ ಮಂಗಳವಾರ’ ಎಂದಷ್ಟೇ ಬರೆದರೆ ಈ ವಾರದ್ದೋ ಬರುವ ವಾರದ್ದೋ ಎಂಬ ಗೊಂದಲ ಬೇರೆ. ತಾರೀಖು, ವಾರ, ಬೆಳಿಗ್ಗೆಯೋ ಸಂಜೆಯೋ ಎಲ್ಲವನ್ನೂ ಬರೆಯಬೇಕು.

ಇಷ್ಟಾದರೆ ಪತ್ರ ಹೀಗಿರುತ್ತದೆ:

ವಿಷಯ: ಮೆಣಸಿನಕಾಯಿ ಖರೀದಿ ಕುರಿತು ಭೇಟಿಗೆ ಸಮಯ ಕೋರಿ

ಮಾನ್ಯ ಶ್ರೀ ಶಿವಪ್ಪನವರಿಗೆ,

ನಮಸ್ಕಾರಗಳು. ಈ ವರ್ಷದ ಖರೀದಿಯ ಬಗ್ಗೆ ತಮ್ಮೊಡನೆ ಮಾತನಾಡಬೇಕಾಗಿದೆ. 20-01-2026, ಮಂಗಳವಾರ ಬೆಳಿಗ್ಗೆ 11 ಗಂಟೆಗೆ ತಮ್ಮ ಅಂಗಡಿಗೆ ಬರಬಹುದೇ? ಅಂದು ಅನನುಕೂಲವಾದರೆ ಮರುದಿನ, ಬುಧವಾರ ಅದೇ ಹೊತ್ತಿಗೆ ಬರುತ್ತೇನೆ. ಸುಮಾರು ಅರ್ಧ ಗಂಟೆ ಸಾಕು. ತಮಗೆ ಯಾವುದು ಅನುಕೂಲವೆಂದು ಶನಿವಾರದೊಳಗೆ ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
(ಹೆಸರು, ಸಂಸ್ಥೆ, ಫೋನ್ ನಂಬರು)

ಕೆಳಗೆ ನಮ್ಮ ಹೆಸರಿಗೆ ನಾವೇ ‘ಶ್ರೀ’ ಹಾಕಿಕೊಳ್ಳುವಂತಿಲ್ಲ. ‘ಅರ್ಧ ಗಂಟೆ ಸಾಕು’ ಎಂಬ ಮಾತನ್ನು ನಾನಂತೂ ಎಂದೂ ಬಿಡುವುದಿಲ್ಲ; ಎಷ್ಟು ಹೊತ್ತು ಕೂರುತ್ತಾರೋ ಎಂಬ ಅಳುಕಿಗೆ ಎಷ್ಟೋ ಪತ್ರಗಳು ಉತ್ತರವಿಲ್ಲದೆ ಉಳಿಯುತ್ತವೆ.

ಶನಿವಾರ ಸಂಜೆಯಾದರೂ ಉತ್ತರ ಬರದಿದ್ದರೆ ಫೋನ್ ಮಾಡುವುದೇ ಸರಿ. ಅತ್ತಲಿಂದ ‘ಮಂಗಳವಾರ ಬರ್ರಿ’ ಎಂಬ ಮಾತು ಬಂದರೆ ಒರಟೆಂದು ತಿಳಿಯಬೇಡಿ. ನಾವು ‘ತಾವು’ ಎಂದು ಕೊಟ್ಟ ಗೌರವವನ್ನು ಅವರು ಆ ‘ರಿ’ಯಲ್ಲಿ ಮರಳಿಸಿರುತ್ತಾರೆ.