ಆಸ್ತಿ ತೆರಿಗೆಗೆ ಮಾರ್ಚ್ 31ರವರೆಗೆ ಸಮಯ ಇದೆಯೇ? ಮೂರು ಊರಲ್ಲಿ ಆಸ್ತಿ ಇದ್ದವರು ಗಡುವು ನೆನಪಿಟ್ಟುಕೊಳ್ಳುವ ಸರಳ ದಾರಿ

"ಮನೆ ತೆರಿಗೆ ಕಟ್ಟಲು ಆರ್ಥಿಕ ವರ್ಷದ ಕೊನೆಯವರೆಗೂ, ಅಂದರೆ ಮಾರ್ಚ್ 31ರವರೆಗೂ ಸಮಯ ಇದೆ." ವಾಟ್ಸಾಪ್‌ನಲ್ಲೂ ಕಟ್ಟೆ ಮೇಲೂ ಆಗಾಗ ಕೇಳಿಬರುವ ಮಾತಿದು. ಇದು ಅರ್ಧ ಸತ್ಯ. ಮಾರ್ಚ್‌ನಲ್ಲಿ ಹಣ ತೆಗೆದುಕೊಳ್ಳುತ್ತಾರೆ ನಿಜ, ಆದರೆ ಅಷ್ಟರಲ್ಲಿ ಒಂಬತ್ತು ತಿಂಗಳ ದಂಡ ಸೇರಿರುತ್ತದೆ.

ಲೆಕ್ಕ ಹೀಗಿದೆ

ಬೆಂಗಳೂರಿನ ಹೊರಗಿನ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಏಪ್ರಿಲ್‌ನಲ್ಲಿ ಆ ವರ್ಷದ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈ 1ರಿಂದ ತಿಂಗಳಿಗೆ ಶೇ. 2ರಂತೆ ದಂಡ.

ವಿಜಯಪುರ ನಗರದ ಒಂದು ಮನೆಗೆ ತೆರಿಗೆ 6,000 ರೂಪಾಯಿ ಎಂದುಕೊಳ್ಳಿ (ಉಪಕರಗಳನ್ನು ಬಿಟ್ಟು). ಏಪ್ರಿಲ್‌ನಲ್ಲಿ ಕಟ್ಟಿದರೆ 5,700. ಜೂನ್‌ನಲ್ಲಿ 6,000. ಮಾರ್ಚ್‌ನಲ್ಲಾದರೆ ಒಂಬತ್ತು ತಿಂಗಳ ದಂಡ 1,080 ಸೇರಿ 7,080. ಒಂದೇ ತೆರಿಗೆಗೆ 1,380 ರೂಪಾಯಿ ವ್ಯತ್ಯಾಸ.

ರಿಯಾಯಿತಿ ಅವಧಿಯನ್ನು ಸರ್ಕಾರ ಕೆಲವು ವರ್ಷ ವಿಸ್ತರಿಸಿದ್ದೂ ಇದೆ. ಆ ಹಳೆಯ ಆದೇಶದ ಫೋಟೋ ಮುಂದಿನ ವರ್ಷವೂ ಫಾರ್ವರ್ಡ್ ಆಗುತ್ತಿರುತ್ತದೆ. ನಂಬುವ ಮೊದಲು ಅದರಲ್ಲಿರುವ ದಿನಾಂಕ ಮತ್ತು ವರ್ಷ ನೋಡಿ.

ಮೊದಲು ಒಂದು ಹಾಳೆ

ಒಂದು ಕುಟುಂಬಕ್ಕೆ ವಿಜಯಪುರದಲ್ಲಿ ವಾಸದ ಮನೆ, ತಿಕೋಟಾದಲ್ಲಿ ಬಾಡಿಗೆಗೆ ಕೊಟ್ಟ ಅಂಗಡಿ, ಬಬಲೇಶ್ವರದಲ್ಲಿ ಹಿರಿಯರ ಮನೆ ಇದೆ ಎಂದು ಇಟ್ಟುಕೊಳ್ಳೋಣ. ಮೂರಕ್ಕೂ ಹಳೆಯ ರಸೀದಿ ತೆಗೆದು ಒಂದು ಹಾಳೆಯಲ್ಲಿ ಐದು ವಿಷಯ ಬರೆಯಬೇಕು: ಯಾವ ಆಸ್ತಿ, ಯಾರ ಹೆಸರಲ್ಲಿದೆ, ರಸೀದಿ ಕೊಟ್ಟ ಕಚೇರಿ ಯಾವುದು, ಆಸ್ತಿಯ ನಂಬರ್, ಕೊನೆಯ ಬಾರಿ ಕಟ್ಟಿದ ದಿನಾಂಕ.

ಕಚೇರಿಯ ಹೆಸರು ಮುಖ್ಯ. ಮಹಾನಗರ ಪಾಲಿಕೆಯ ನಿಯಮವೇ ಗ್ರಾಮ ಪಂಚಾಯಿತಿಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಊರಂಚಿನ ಆಸ್ತಿ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಅದರ ಗಡುವನ್ನು ಅಲ್ಲೇ ಕೇಳಿ ಬರೆದುಕೊಳ್ಳಿ. ನೀರಿನ ಸಂಪರ್ಕದ ನಂಬರ್ ಬೇರೆ, ಆಸ್ತಿಯ ನಂಬರ್ ಬೇರೆ. ಎರಡನ್ನೂ ಬರೆಯಿರಿ.

ಮೊಬೈಲ್‌ನಲ್ಲಿ ರಿಮೈಂಡರ್

ಫೋನಿನ ಕ್ಯಾಲೆಂಡರ್ ಸಾಕು, ಬೇರೆ ಆ್ಯಪ್ ಬೇಡ. ತೆರಿಗೆಗೆ ಪ್ರತಿ ಆಸ್ತಿಗೂ ಎರಡು ದಿನ ಹಾಕಿ: ಏಪ್ರಿಲ್ 10 ಮತ್ತು ಜೂನ್ 10. ಪ್ರತಿ ವರ್ಷ ಮರುಕಳಿಸುವಂತೆ ಇಡಿ. ಕೊನೆಯ ದಿನಕ್ಕೆ ಇಡಬೇಡಿ. ಅಂದು ಸರ್ವರ್ ನಿಧಾನವಾದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

"ತೆರಿಗೆ ಕಟ್ಟಬೇಕು" ಎಂದಷ್ಟೇ ಬರೆದರೆ ಮೂರು ಆಸ್ತಿಯಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ. ಒಂದಕ್ಕೇ ಎರಡು ಸಲ ಕಟ್ಟಿ ಇನ್ನೊಂದನ್ನು ಬಿಡುವುದು ಹೀಗೆಯೇ. "ತಿಕೋಟಾ ಅಂಗಡಿ ತೆರಿಗೆ" ಎಂದು ಬರೆದು ಆಸ್ತಿಯ ನಂಬರನ್ನೂ ಸೇರಿಸಿ. ರಿಮೈಂಡರ್ ಬಂದಾಗ ಸುಮ್ಮನೆ ಸರಿಸಬೇಡಿ. ರಸೀದಿ ಡೌನ್‌ಲೋಡ್ ಆಗಿ, ಅದರಲ್ಲಿ ಆಸ್ತಿಯ ನಂಬರ್ ಮತ್ತು ವರ್ಷ ಸರಿಯಿದೆ ಎಂದು ನೋಡಿದ ಮೇಲೆಯೇ "ಮುಗಿಯಿತು" ಎಂದು ಗುರುತು ಹಾಕಿ. ಖಾತೆಯಿಂದ ಹಣ ಕಡಿತವಾಗಿದೆ ಎಂಬ ಮೆಸೇಜ್ ರಸೀದಿಯಲ್ಲ.

ನೀರಿನ ಕರಕ್ಕೆ ಬಿಲ್ ಎಷ್ಟು ದಿನಕ್ಕೊಮ್ಮೆ ಬರುತ್ತದೋ ಅದರಂತೆ ರಿಮೈಂಡರ್ ಇಡಿ. ಬಾಡಿಗೆದಾರರು ಕಟ್ಟುವ ಒಪ್ಪಂದ ಇದ್ದರೂ ಮೂರು ತಿಂಗಳಿಗೊಮ್ಮೆ ರಸೀದಿ ಕೇಳಿ. ಅವರು ಬಾಕಿ ಬಿಟ್ಟು ಅಂಗಡಿ ಖಾಲಿ ಮಾಡಿದರೆ ಸಂಪರ್ಕ ಇರುವುದು ನಿಮ್ಮ ಹೆಸರಲ್ಲಿ.

ವಿಮೆಗೆ ಮಾತ್ರ ಬೇರೆ ಲೆಕ್ಕ

"ವಿಮೆಗೆ 30 ದಿನ ಹೆಚ್ಚುವರಿ ಸಮಯ ಇರುತ್ತದೆ" ಎಂಬುದು ಜೀವ ವಿಮೆಯ ಕಂತಿನ ಮಾತು. ಮನೆ, ಅಂಗಡಿಯ ಬೆಂಕಿ ವಿಮೆಗೆ ಅದನ್ನು ನಂಬಿ ಕೂರಬೇಡಿ. ಪಾಲಿಸಿ ಆಗಸ್ಟ್ 14ಕ್ಕೆ ಮುಗಿದು ನೀವು 16ಕ್ಕೆ ನವೀಕರಿಸಿದರೆ, 15ರಂದು ಆದ ಬೆಂಕಿ ಅನಾಹುತಕ್ಕೆ ಪರಿಹಾರ ಸಿಗುವುದಿಲ್ಲ. ತೆರಿಗೆ ತಡವಾದರೆ ಹೋಗುವುದು ದಂಡ, ಇಲ್ಲಿ ತಡವಾದರೆ ಹೋಗುವುದು ರಕ್ಷಣೆ. ಆದ್ದರಿಂದ ಪಾಲಿಸಿ ಮುಗಿಯುವ 30 ದಿನ ಮೊದಲು ಒಂದು, 7 ದಿನ ಮೊದಲು ಇನ್ನೊಂದು ರಿಮೈಂಡರ್ ಇಡಿ. ಆ ದಿನಾಂಕವನ್ನು ಪಾಲಿಸಿ ಪತ್ರದಿಂದಲೇ ನೋಡಿ ಬರೆಯಿರಿ, ನೆನಪಿನಿಂದಲ್ಲ.

ಹಾಳೆಯ ಇನ್ನೊಂದು ಉಪಯೋಗ

"ನೀರಿನ ಬಿಲ್ ಬಾಕಿ ಇದೆ, ಇಂದು ರಾತ್ರಿ ಸಂಪರ್ಕ ಕಡಿತ, ಈ ಲಿಂಕ್ ಒತ್ತಿ" ಎಂಬ ಮೆಸೇಜ್ ಬಂದರೆ ಹಾಳೆ ತೆಗೆದು ನೋಡಿ. ಕಟ್ಟಿದ ದಿನಾಂಕ ಅಲ್ಲೇ ಇದ್ದರೆ ಗಾಬರಿ ಪಡುವ ಕಾರಣವಿಲ್ಲ. ಅನುಮಾನವಿದ್ದರೆ ರಸೀದಿ ಕೊಟ್ಟ ಕಚೇರಿಯಲ್ಲಿ ಕೇಳಿ; ಲಿಂಕ್ ಒತ್ತಬೇಡಿ, ಬಂದ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ತೀರ್ಮಾನ: ಮಾರ್ಚ್ 31ರವರೆಗೆ ದಂಡವಿಲ್ಲದೆ ತೆರಿಗೆ ಕಟ್ಟಬಹುದು ಎಂಬುದು ತಪ್ಪು. ನಗರದ ಆಸ್ತಿಗೆ ದಂಡವಿಲ್ಲದ ಕೊನೆಯ ದಿನ ಜೂನ್ 30.