ಹಬ್ಬಕ್ಕೆ ಸಭಾಭವನದ ಸಿಂಗಾರ: ಒಂದೇ ಗೋಡೆ, ಐದಾರು ಕಿಲೋ ಹೂವು

ಗೋಕಾಕ: ದೀಪಾವಳಿಯ ಸಾಮೂಹಿಕ ಪೂಜೆಗೆ ಅಪಾರ್ಟ್‌ಮೆಂಟಿನ ಸಭಾಭವನವನ್ನು ನಿವಾಸಿಗಳೇ ಸಿಂಗರಿಸುವುದಾದರೆ, ಇರುವ ಅಲ್ಪ ಹಣವನ್ನು ನಾಲ್ಕು ಗೋಡೆಗಳಿಗೆ ಹಂಚುವ ಬದಲು ವೇದಿಕೆಯ ಹಿಂಬದಿಯ ಗೋಡೆಯೊಂದಕ್ಕೇ ಮೀಸಲಿಡುವುದು ಲೇಸು. ಬಂದವರ ದೃಷ್ಟಿಯೂ, ಛಾಯಾಚಿತ್ರವೂ ನಿಲ್ಲುವುದು ಅಲ್ಲಿಯೇ.

ಗೋಡೆ 20 ಅಡಿ ಅಗಲವಿದೆ ಎಂದುಕೊಳ್ಳೋಣ. ಅಡಿಗೊಂದರಂತೆ 8 ಅಡಿ ಉದ್ದದ 21 ಸರ ಇಳಿಬಿಟ್ಟರೆ ಒಟ್ಟು 168 ಅಡಿ. ಮೂರು ಅಂಗುಲಕ್ಕೊಂದು ಚೆಂಡು ಹೂವು ಪೋಣಿಸಿದರೆ ಸುಮಾರು 670 ಹೂವು ಬೇಕು. ಮಧ್ಯಮ ಗಾತ್ರದ ಹೂವಾದರೆ ತೂಕ ಐದು ಕಿಲೋ ಆಸುಪಾಸು. ಹಾಳಾಗುವುದಕ್ಕೆಂದು ಇನ್ನೊಂದು ಕಿಲೋ ಹೆಚ್ಚಿಗೆ ತರಬೇಕು. ನಡುವೆ ಮಡಿಸಿದ ಮಾವಿನೆಲೆ ಪೋಣಿಸಿದರೆ ಹೂವು ಜಾರದು, ಖರ್ಚೂ ಏರದು.

ಬಿಡಿ ಹೂವು ತಂದು ಹಿಂದಿನ ರಾತ್ರಿ ಪೋಣಿಸುವುದು ಉಳಿತಾಯದ ದಾರಿ. ಆದರೆ ನೀರು ಚಿಮುಕಿಸಿ ರಾಶಿ ಹಾಕಿದರೆ ಒಳಗೆ ಕಾವೇರಿ ಹೂವು ಕೊಳೆಯುತ್ತದೆ. ರಾಶಿಯೊಳಗೆ ಕೈ ಇಟ್ಟಾಗ ಬೆಚ್ಚಗೆನಿಸಿದರೆ ಕೂಡಲೇ ಚಾಪೆಯ ಮೇಲೆ ಹರಡಬೇಕು.

ಸರಗಳನ್ನು ಅಂಟುಪಟ್ಟಿಯಿಂದ ಗೋಡೆಗೆ ಹಚ್ಚಿದರೆ ಭಾರಕ್ಕೆ ಕಳಚುತ್ತವೆ. ಕೀಳುವಾಗ ಬಣ್ಣವೂ ಎದ್ದು, ರಿಪೇರಿ ಖರ್ಚು ಎಲ್ಲರ ತಲೆಗೆ ಬೀಳುತ್ತದೆ. ಎರಡು ಬದಿಯ ಕಿಟಕಿ ಸರಳುಗಳಿಗೆ ನೈಲಾನ್ ಹಗ್ಗ ಬಿಗಿದು ಅದಕ್ಕೆ ಕಟ್ಟಬೇಕು. ಹಗ್ಗ ನಡುವೆ ಜೋತುಬೀಳದಂತೆ ಮಧ್ಯದಲ್ಲೊಂದು ಆಸರೆ ಬೇಕೇ ಬೇಕು.

ಹುಕ್ಕೇರಿ, ಮೂಡಲಗಿ ಭಾಗದಲ್ಲಿ ಕಬ್ಬಿಗೆ ಬರವಿಲ್ಲ. ಸೋಗೆ ಸಹಿತ ಜಲ್ಲೆಗಳನ್ನು ಒದ್ದೆ ಮರಳಿನ ಬಕೆಟ್ಟಿನಲ್ಲಿ ನಿಲ್ಲಿಸಿ ತುದಿ ಕಟ್ಟಿದರೆ ಕಮಾನು ಸಿದ್ಧ. ಪೂಜೆಯ ಮೇಜಿಗೆ ಮನೆಗಳಲ್ಲಿರುವ ಗೋಕಾಕದ ಕಟ್ಟಿಗೆಯ ಹಣ್ಣುಗಳನ್ನು ಎರವಲು ಪಡೆಯಬಹುದು. ಯಾರದೆಷ್ಟು ಎಂದು ಬರೆದಿಟ್ಟುಕೊಂಡರಾಯಿತು.